ಅವ್ವನ ರೊಟ್ಟಿ, 120 ಫ್ರೇಮು: ವಿಡಿಯೋ ಕಾರ್ಟೂನ್ ಆದಾಗ ಯಾಕೆ ನಡುಗುತ್ತೆ?

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಪರದೆ ಮೇಲೆ ತೋರಿಸಿದ್ದನ್ನ ಇಲ್ಲಿ ಮಾತಲ್ಲೇ ಹೇಳಿದ್ದೀನಿ, ಎರಡು ಮೂರು ಕಡೆ ಕೋಡ್ ಸೇರಿಸಿದ್ದೀನಿ.

ಹಡಪಸರದಲ್ಲಿರೋರಿಗೆ ಸೋಲಾಪುರ ರಸ್ತೆ ಬರೀ ಟ್ರಾಫಿಕ್ ಅಲ್ಲ, ಊರಿನ ದಾರಿ. ವಿಜಯಪುರ, ಕಲಬುರಗಿ ಕಡೆಯ ನಮ್ಮ ಜನ ಪುಣೆಗೆ ಬಂದಿಳಿಯೋದೇ ಈ ರಸ್ತೆ ಮೇಲೆ. ಹಾಗೆ ಬಂದು ಇಲ್ಲೇ ಮನೆ ಮಾಡಿರೋ ವಿಜಯಪುರದ ಗೆಳೆಯರೊಬ್ಬರು ನನಗೊಂದು ಕ್ಲಿಪ್ ಕಳಿಸಿದ್ರು. ನಾಲ್ಕೇ ಸೆಕೆಂಡು. ಅವರ ಅವ್ವ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡೀತಿದ್ದಾರೆ. ಫೋನನ್ನ ಡಬ್ಬಿಗೆ ಒರಗಿಸಿಟ್ಟು ತೆಗೆದದ್ದು. ಮಗಳ ಹುಟ್ಟುಹಬ್ಬಕ್ಕೆ ಅದನ್ನ ಕಾರ್ಟೂನ್ ಮಾಡಿ ಕೊಡಬೇಕು ಅಂತ ಅವರ ಆಸೆ. ಇಂಟರ್ನೆಟ್ಟಲ್ಲಿ ಸಿಕ್ಕ ಒಂದು ಸಣ್ಣ ಪೈಥಾನ್ ಪ್ರೋಗ್ರಾಮ್ ಓಡಿಸಿದ್ರು. ಒಂದೊಂದು ಫ್ರೇಮ್ ತೆಗೆದು ನೋಡಿದ್ರೆ ಗೋಡೆಗೆ ಹಾಕುವಷ್ಟು ಚೆನ್ನಾಗಿದೆ. ಓಡಿಸಿ ನೋಡಿದ್ರೆ ಮಾತ್ರ ಎಲ್ಲ ಕೆಡುತ್ತೆ. ಫೋನಲ್ಲಿ ಅವರು ಹೇಳಿದ್ದು ಇಷ್ಟೇ: "ಅವ್ವನ ಮಾರಿ ಜ್ವರ ಬಂದೋರ ಗತೆ ನಡಗಾಕತ್ತೈತ್ರಿ."

ಮತ್ತೊಂದ್ಸಲ ಒಳ್ಳೆ ಬೆಳಕಲ್ಲಿ ಶೂಟ್ ಮಾಡಿ ಅಂತ ಹೇಳೋ ಹಾಗಿರಲಿಲ್ಲ. ಅವ್ವ ತೀರಿಕೊಂಡು ಆಗಲೇ ಒಂದು ವರ್ಷ ಆಗಿತ್ತು. ಇರೋ ಆ 120 ಫ್ರೇಮಲ್ಲೇ ಕೆಲಸ ಆಗಬೇಕು.

ಇಲ್ಲಿ ಮೊದಲು ಗಮನಿಸಬೇಕಾದ್ದು: ಯಾವ ಫ್ರೇಮಲ್ಲೂ ತಪ್ಪಿಲ್ಲ. ತಪ್ಪಿರೋದು ಒಂದು ಫ್ರೇಮಿಗೂ ಮುಂದಿನದಕ್ಕೂ ನಡುವೆ. ಈ ಕಾಯಿಲೆ ಕಂಪ್ಯೂಟರಿಗಿಂತ ಹಳೇದು. ಕಾರ್ಟೂನ್ ಅನ್ನೋದು ಹುಟ್ಟಿದಾಗಲೇ ಅದೂ ಹುಟ್ಟಿತು.

ಕುದಿಯುವ ಗೆರೆ

1914ರಲ್ಲಿ ಅಮೆರಿಕದ ವಿನ್ಸರ್ ಮೆಕೇ 'ಗರ್ಟೀ' ಅನ್ನೋ ಡೈನೋಸಾರಿನ ಚಿತ್ರ ಮಾಡಿದ. ಪ್ರತಿ ಫ್ರೇಮಿಗೂ ಹೊಸ ಹಾಳೆ. ಡೈನೋಸಾರನ್ನ ಮೆಕೇ ಬರೀತಿದ್ದ. ಹಿಂದಿನ ಬಂಡೆ, ಮರ, ದಿಗಂತವನ್ನ ಜಾನ್ ಫಿಟ್ಸ್‌ಸಿಮನ್ಸ್ ಅನ್ನೋ ಹುಡುಗ ಪ್ರತಿ ಹಾಳೆ ಮೇಲೂ ಟ್ರೇಸ್ ಮಾಡ್ತಿದ್ದ. ಅವನ ಕೈ ಎಷ್ಟೇ ಪಳಗಿದ್ರೂ ಗೆರೆ ಹಿಂದಿನ ಹಾಳೆಯದಕ್ಕಿಂತ ಕೂದಲೆಳೆಯಷ್ಟು ಆಚೀಚೆ ಆಗೇ ಆಗುತ್ತೆ. ಹಾಗಾಗಿ ಆ ಚಿತ್ರದಲ್ಲಿ ಅಲುಗಾಡಬಾರದ ಬಂಡೆಯೂ ಸಣ್ಣಗೆ ನಡುಗುತ್ತೆ. ಅನಿಮೇಷನ್ ಮಂದಿ ಇದಕ್ಕೆ 'ಬಾಯ್ಲ್' ಅಂತಾರೆ, ಅಂದ್ರೆ ಗೆರೆ ಕುದಿಯೋದು.

ಇದಕ್ಕೆ ಮದ್ದು ಕಂಡುಹಿಡಿದೋರಲ್ಲಿ ಅರ್ಲ್ ಹರ್ಡ್ ಒಬ್ಬ. ಅದೇ 1914ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಅವನ ಉಪಾಯ ಸರಳ: ಹಿನ್ನೆಲೆಯನ್ನ ಒಂದೇ ಸಲ ಬರೀರಿ, ಅಲುಗಾಡೋದನ್ನ ಮಾತ್ರ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆ ಮೇಲೆ ಬರೆದು ಅದರ ಮೇಲಿಡಿ. 'ಸೆಲ್ ಅನಿಮೇಷನ್' ಅನ್ನೋ ಹೆಸರು ಬಂದದ್ದು ಅಲ್ಲಿಂದ. ಇದನ್ನ ಕೆಲಸ ಉಳಿಸೋ ಉಪಾಯ ಅಂತಷ್ಟೇ ಹೇಳ್ತಾರೆ. ಆದ್ರೆ ಫ್ಲಿಕರ್ ತೆಗೆಯೋ ಉಪಾಯವೂ ಅದೇ: ಬದಲಾಗದೇ ಇರೋದನ್ನ ಎರಡನೇ ಸಲ ಬರೀಬೇಡಿ.

ಇನ್ನು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದವನು ಮ್ಯಾಕ್ಸ್ ಫ್ಲೈಷರ್. 1915ರಲ್ಲಿ ಅರ್ಜಿ ಹಾಕಿ 1917ರಲ್ಲಿ ಪಡೆದ ಪೇಟೆಂಟಿನ ಯಂತ್ರದ ಹೆಸರು ರೋಟೋಸ್ಕೋಪ್. ತಮ್ಮ ಡೇವ್‌ಗೆ ಕೋಡಂಗಿ ವೇಷ ಹಾಕಿ ಕುಣಿಸಿ, ಅದನ್ನ ಫಿಲ್ಮಿನಲ್ಲಿ ತೆಗೆದು, ಒಂದೊಂದೇ ಫ್ರೇಮನ್ನ ಗಾಜಿನ ಹಿಂದಿನಿಂದ ಮೂಡಿಸಿ, ಗಾಜಿನ ಮೇಲೆ ಕಾಗದವಿಟ್ಟು ತಿದ್ದಿದ. ವಿಡಿಯೋ ತಗೊಂಡು ಕಾರ್ಟೂನ್ ಮಾಡೋದು ಅಂತ ನಾವೇನು ಹೇಳ್ತೀವೋ ಅದನ್ನ ನೂರು ವರ್ಷದ ಹಿಂದೆ ಅವನು ಮಾಡಿದ್ದ. ಅವನ ಗೆರೆಗೂ ಅದೇ ನಡುಕದ ಕಾಟ, ಯಾಕಂದ್ರೆ ಪ್ರತಿ ಫ್ರೇಮಲ್ಲೂ 'ಇಲ್ಲಿ ಅಂಗಿ ಮುಗೀತು, ಅಲ್ಲಿ ನೆರಳು ಶುರುವಾಯ್ತು' ಅಂತ ಹೊಸದಾಗಿ ತೀರ್ಮಾನ ಮಾಡಬೇಕು.

ನಮ್ಮ ಪುಣೆಗೂ ಈ ಚರಿತ್ರೆಯಲ್ಲಿ ಜಾಗ ಇದೆ. ಕೊಲ್ಹಾಪುರದಿಂದ 1933ರಲ್ಲಿ ಇಲ್ಲಿಗೆ ಬಂದ ಪ್ರಭಾತ್ ಫಿಲ್ಮ್ ಕಂಪನಿ ಮರುವರ್ಷವೇ 'ಜಂಬೂ ಕಾಕಾ' ಅನ್ನೋ ನರಿಯ ಕಾರ್ಟೂನ್ ಹೊರತಂದಿತು. ಆ ಸ್ಟುಡಿಯೋ ಜಾಗದಲ್ಲೇ ಈಗ ಲಾ ಕಾಲೇಜ್ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ, ನಮ್ಮ ಗಿರೀಶ್ ಕಾರ್ನಾಡರು ನಿರ್ದೇಶಕರಾಗಿದ್ದದ್ದು, ಗಿರೀಶ್ ಕಾಸರವಳ್ಳಿಯವರು ಓದಿದ್ದು ಅಲ್ಲೇ. ಮಾತು ಬಂದ ಮೇಲೆ ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡಬೇಕು, ಅಂದ್ರೆ ನಿಮಿಷಕ್ಕೆ 1,440. ಅಷ್ಟು ಬರೆಯೋಕೆ ಆಗಲ್ಲ ಅಂತ ಕಾರ್ಟೂನಿನವರು ಒಂದೇ ಚಿತ್ರವನ್ನ ಎರಡು ಫ್ರೇಮ್ ಹಿಡಿಯೋ ರೂಢಿ ಮಾಡಿಕೊಂಡ್ರು. ಆಗ 720 ಸಾಕು. ಚಿತ್ರ ಬದಲಾಗೋದೇ ಕಮ್ಮಿ ಆದ್ರಿಂದ ನಡುಕವೂ ಕಮ್ಮಿ. ಈ ಹಳೇ ರೂಢಿ ನೆನಪಿಟ್ಕೊಳ್ಳಿ, ಕೊನೆಗೆ ನಮ್ಮ ಕೆಲಸಕ್ಕೆ ಬರುತ್ತೆ.

ನಡುಕವನ್ನ ಬೇಕಂತಲೇ ಇಟ್ಟುಕೊಂಡೋರೂ ಇದ್ದಾರೆ. ಆಹಾ ಬ್ಯಾಂಡಿನ 'ಟೇಕ್ ಆನ್ ಮಿ' ಹಾಡಿನ 1985ರ ವಿಡಿಯೋ ನೀವು ನೋಡಿರ್ತೀರಿ. ಅದರಲ್ಲಿ ಪೆನ್ಸಿಲ್ ಗೆರೆ ಕುದಿಯೋದೇ ಅಂದ. ಆದ್ರೆ ಅಲ್ಲಿ ಎಲ್ಲಿ ಎಷ್ಟು ಕುದೀಬೇಕು ಅಂತ ಕಲಾವಿದರ ಕೈ ನಿರ್ಧರಿಸಿತ್ತು. ನಮ್ಮ ಗೆಳೆಯರ ಕ್ಲಿಪ್ಪಿನಲ್ಲಿ ಯಾರೂ ನಿರ್ಧರಿಸಿರಲಿಲ್ಲ.

ಯಂತ್ರ ಯಾಕೆ ನಡುಗುತ್ತೆ?

ಕೈ ನಡುಗುತ್ತೆ, ಸರಿ. ಕಂಪ್ಯೂಟರ್ ಪ್ರತಿ ಫ್ರೇಮಿಗೂ ಒಂದೇ ಲೆಕ್ಕ ಮಾಡುತ್ತಲ್ಲ, ಅದು ಯಾಕೆ ನಡುಗಬೇಕು?

ಕಾರ್ಟೂನ್ ಅಂದ್ರೆ ಬಣ್ಣದ ಛಾಯೆಗಳನ್ನ ಕಮ್ಮಿ ಮಾಡೋದು. ಕಪ್ಪಿಗೆ 0, ಬಿಳಿಗೆ 255 ಅಂತ ಇರೋ ಬೆಳಕಿನ ಅಳತೆಯನ್ನ 32ರ ಎಂಟು ಮೆಟ್ಟಿಲು ಮಾಡಿದ್ವಿ ಅಂದ್ಕೊಳ್ಳಿ. 96ರಿಂದ 127ರವರೆಗೆ ಇರೋದೆಲ್ಲ 112 ಆಗುತ್ತೆ. 128ರಿಂದ 159ರವರೆಗೆ ಎಲ್ಲ 144. ಈಗ ಅವ್ವನ ಹಿಂದಿನ ಗೋಡೆಯ ಒಂದು ಪಿಕ್ಸೆಲ್ ತಗೊಳ್ಳಿ. ಅಡುಗೆಮನೆಯ ಮಬ್ಬು ಬೆಳಕಲ್ಲಿ ಫೋನಿನ ಸೆನ್ಸರ್ ಅದನ್ನ ಒಂದು ಫ್ರೇಮಲ್ಲಿ 127 ಅಂತ ಓದುತ್ತೆ, ಮುಂದಿನದರಲ್ಲಿ 129 ಅಂತ. ಮೂಲ ವಿಡಿಯೋದಲ್ಲಿ ಎರಡರ ವ್ಯತ್ಯಾಸ ಯಾರ ಕಣ್ಣಿಗೂ ಕಾಣಲ್ಲ. ಕಾರ್ಟೂನಲ್ಲಿ ಅದು 112ರಿಂದ 144ಕ್ಕೆ ಹಾರುತ್ತೆ. ಎರಡು ಹೋಗಿ ಮೂವತ್ತೆರಡು ಆಯ್ತು. ಗೋಡೆ ಮೇಲೆ ಮೆಟ್ಟಿಲಿನ ಅಂಚಿಗೆ ಹತ್ತಿರ ಇರೋ ಪಿಕ್ಸೆಲ್‌ಗಳೆಲ್ಲ ಹೀಗೆ ಒಂದೊಂದು ಫ್ರೇಮಿಗೊಂದು ಕಡೆ ಹಾರ್ತಾವೆ. ನಮಗೆ ಕಾಣೋ ನಡುಕ ಇದೇ.

ಅಂದ್ರೆ ಕಂಪ್ಯೂಟರ್ ಹೊಸ ನಡುಕ ತರಲ್ಲ, ಇರೋ ಸಣ್ಣ ನಡುಕವನ್ನ ದೊಡ್ಡದು ಮಾಡುತ್ತೆ. ಎಲ್ಲೆಲ್ಲಿ 'ಈ ಕಡೆ ಇಲ್ಲಾ ಆ ಕಡೆ' ಅಂತ ಗಡುಸಾದ ತೀರ್ಮಾನ ಇದೆಯೋ ಅಲ್ಲೆಲ್ಲ ಫ್ಲಿಕರ್ ಹುಟ್ಟುತ್ತೆ.

2006ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಹೋಲ್ಗರ್ ವಿನ್ನೆಮೋಲರ್, ಸ್ವೆನ್ ಓಲ್ಸನ್ ಮತ್ತು ಬ್ರೂಸ್ ಗೂಚ್ ಸಿಗ್ರಾಫ್ ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡಿಸಿದ್ರು. ವಿಡಿಯೋವನ್ನ ಆಗಿಂದಾಗಲೇ ಕಾರ್ಟೂನ್ ಥರ ಸರಳ ಮಾಡೋದು ಅದರ ವಿಷಯ. ಅದರ ಜೀವಾಳ ಒಂದೇ ಮಾತಲ್ಲಿ ಹೇಳಬಹುದು: ಮೆಟ್ಟಿಲು ಬೇಡ, ಇಳಿಜಾರು ಇರಲಿ. ಒಳಗೆ ಬಂದದ್ದು ಸ್ವಲ್ಪ ಬದಲಾದ್ರೆ ಹೊರಗೆ ಹೋಗೋದೂ ಸ್ವಲ್ಪವೇ ಬದಲಾಗಬೇಕು. ಮೆಟ್ಟಿಲಿನ ಅಂಚನ್ನ ಅವರು `tanh` ಅನ್ನೋ ಮೆತ್ತನೆ ವಕ್ರರೇಖೆಯಿಂದ ಉಜ್ಜಿ ನುಣುಪು ಮಾಡಿದ್ರು:

```python
def soft(L, step=32.0, phi=0.2):
    edge = np.round(L / step) * step
    return edge + step/2 * np.tanh(phi * (L - edge))
```

ಇದೇ ಗೋಡೆಯ ಪಿಕ್ಸೆಲನ್ನ ಇದರಲ್ಲಿ ಹಾಕಿ ನೋಡಿ. ಹತ್ತಿರದ ಅಂಚು 128. ಹಾಗಾಗಿ 127 ಸುಮಾರು 125 ಆಗುತ್ತೆ, 129 ಸುಮಾರು 131 ಆಗುತ್ತೆ. ಮೂವತ್ತೆರಡರ ಹಾರಾಟ ಆರಕ್ಕೆ ಇಳೀತು. ಅಂಚಿನಿಂದ ದೂರ ಇರೋ 112 ಮಾತ್ರ ಹೆಚ್ಚೂಕಮ್ಮಿ 112 ಆಗೇ ಉಳಿಯುತ್ತೆ. ಅಂದ್ರೆ ಚಪ್ಪಟೆ ಬಣ್ಣದ ಕಾರ್ಟೂನ್ ರೂಪ ಹೋಗಲಿಲ್ಲ. `phi` ದೊಡ್ಡದಾದಷ್ಟೂ ಅಂಚು ಚೂಪು, ನಡುಕ ಜಾಸ್ತಿ. ಚಿಕ್ಕದಾದಷ್ಟೂ ಶಾಂತ, ಆದ್ರೆ ಮತ್ತೆ ಫೋಟೋ ಥರ ಕಾಣೋಕೆ ಶುರು. ಅವರ ಪ್ರಬಂಧದಲ್ಲಿ ಈ ಚೂಪು ಎಲ್ಲ ಕಡೆ ಒಂದೇ ಇರಲ್ಲ. ಚಿತ್ರದಲ್ಲಿ ಬೆಳಕು ಜೋರಾಗಿ ಬದಲಾಗೋ ಕಡೆ ಚೂಪು, ಗೋಡೆಯಂಥ ನುಣುಪು ಜಾಗದಲ್ಲಿ ಮೆತ್ತಗೆ. ನಡುಕ ಎದ್ದು ಕಾಣೋದು ನುಣುಪು ಜಾಗದಲ್ಲೇ ಆದ್ರಿಂದ ಇದು ಜಾಣ ಆಯ್ಕೆ.

ಕಪ್ಪು ಗೆರೆಗೂ ಅವರು ಇದನ್ನೇ ಮಾಡಿದ್ರು. ಗೆರೆ ಇದೆ ಅಥವಾ ಇಲ್ಲ ಅನ್ನೋ ಬದಲು, ಗೆರೆ ಎಷ್ಟು ಗಾಢ ಅಂತ ಕೇಳಿದ್ರು. ಚಿತ್ರವನ್ನ ಸ್ವಲ್ಪ ಮಸುಕು ಮಾಡಿ, ಇನ್ನೂ ಸ್ವಲ್ಪ ಜಾಸ್ತಿ ಮಸುಕು ಮಾಡಿ, ಒಂದರಿಂದ ಇನ್ನೊಂದನ್ನ ಕಳೆದ್ರೆ ಅಂಚು ಸಿಗುತ್ತೆ:

```python
a = cv2.GaussianBlur(L, (0, 0), 1.0)
b = cv2.GaussianBlur(L, (0, 0), 1.6)
d = a - 0.98 * b
line = np.where(d > 0, 1.0, 1.0 + np.tanh(0.5 * d))
```

`line` 1 ಆದ್ರೆ ಗೆರೆ ಇಲ್ಲ, 0ಗೆ ಹತ್ತಿರ ಬಂದಷ್ಟೂ ಕಪ್ಪು. ಇದನ್ನ ಚಿತ್ರಕ್ಕೆ ಗುಣಿಸಿದ್ರೆ ಸಾಕು. ಅನುಮಾನದ ಜಾಗದಲ್ಲಿ ಗೆರೆ ತಿಳಿಯಾಗಿ ಬಂದು ಹೋಗುತ್ತೆ, ಕಪ್ಪಾಗಿ ಮಿಣುಕಲ್ಲ.

ಕೈ ಅಲುಗಾಡಿದಾಗ

ಈ ವಿಧಾನಕ್ಕೆ ಹಿಂದಿನ ಫ್ರೇಮಿನ ನೆನಪೇ ಬೇಕಿಲ್ಲ. ಆದ್ರೆ ಬ್ರಷ್ಷಿನ ಗೀಟು, ಕಾಗದದ ತರಿ, ಆಯಿಲ್ ಪೇಂಟಿನ ಥರ ಬೇಕು ಅಂದ್ರೆ ಇದು ಸಾಲಲ್ಲ. ಗೀಟು ವಸ್ತುವಿಗೆ ಅಂಟಿಕೊಂಡು ಅದರ ಜೊತೆಗೇ ಹೋಗಬೇಕು. 1997ರಲ್ಲಿ ಪೀಟರ್ ಲಿಟ್ವಿನೋವಿಚ್ ಇದಕ್ಕೆ ದಾರಿ ತೋರಿಸಿದ್ರು. ಎರಡು ಫ್ರೇಮಿನ ನಡುವೆ ಪ್ರತಿ ಪಿಕ್ಸೆಲ್ ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋ ಲೆಕ್ಕಕ್ಕೆ ಆಪ್ಟಿಕಲ್ ಫ್ಲೋ ಅಂತಾರೆ. ಆ ಲೆಕ್ಕದ ಪ್ರಕಾರ ಹಿಂದಿನ ಫ್ರೇಮಿನ ಗೀಟುಗಳನ್ನೇ ಸರಿಸಿ, ಖಾಲಿ ಬಿದ್ದ ಜಾಗದಲ್ಲಿ ಮಾತ್ರ ಹೊಸ ಗೀಟು ಹಾಕೋದು ಅವರ ವಿಧಾನ. ಅರ್ಲ್ ಹರ್ಡನ ಸೆಲ್ಯುಲಾಯ್ಡ್ ಹಾಳೆ ಹೇಳಿದ್ದೂ ಇದನ್ನೇ ಅಲ್ವಾ? ಬರೆದದ್ದನ್ನ ಮತ್ತೆ ಬರೀಬೇಡ, ಸರಿಸು.

ಬಾಬ್ ಸಬಿಸ್ಟನ್ ಅವರ ರೋಟೋಶಾಪ್ ಇದನ್ನೇ ಮನುಷ್ಯರ ಕೈಯಿಂದ ಮಾಡಿಸಿತು. ಕಲಾವಿದರು ಕೆಲವು ಮುಖ್ಯ ಫ್ರೇಮುಗಳಲ್ಲಿ ಗೆರೆ ಎಳೀತಾರೆ, ನಡುವಿನದನ್ನ ಪ್ರೋಗ್ರಾಮ್ ತುಂಬುತ್ತೆ. 2001ರ 'ವೇಕಿಂಗ್ ಲೈಫ್' ಸಿನಿಮಾ ಹಾಗೆ ಆದದ್ದು. ನ್ಯೂರಲ್ ನೆಟ್‌ವರ್ಕಿನ ಕಾಲ ಬಂದಾಗ ಹಳೇ ಕಾಯಿಲೆ ಮತ್ತೆ ಬಂತು. ಫೋಟೋವನ್ನ ವ್ಯಾನ್ ಗೋ ಚಿತ್ರದ ಥರ ಮಾಡೋ ವಿಧಾನವನ್ನ ವಿಡಿಯೋಗೆ ಹಾಕಿದ್ರೆ ಫ್ರೇಮಿನಿಂದ ಫ್ರೇಮಿಗೆ ಗೀಟು ಹಾರಾಡ್ತಿತ್ತು. 2016ರಲ್ಲಿ ಜರ್ಮನಿಯ ಫ್ರೈಬುರ್ಗಿನ ಮ್ಯಾನುಯಲ್ ರೂಡರ್, ಅಲೆಕ್ಸೀ ದೊಸೊವಿಟ್ಸ್ಕಿ, ಥಾಮಸ್ ಬ್ರಾಕ್ಸ್ ಅದನ್ನ ಸರಿಮಾಡಿದ್ದು ಮತ್ತೆ ಆಪ್ಟಿಕಲ್ ಫ್ಲೋದಿಂದಲೇ.

ಫ್ಲೋ ಕೈಕೊಡೋ ಜಾಗ ಒಂದಿದೆ. ಅವ್ವ ಕೈ ಎತ್ತಿದಾಗ ಅದರ ಕೆಳಗಿಂದ ರೊಟ್ಟಿ ಹೊರಗೆ ಕಾಣುತ್ತೆ. ಆ ಪಿಕ್ಸೆಲ್‌ಗಳು ಹಿಂದಿನ ಫ್ರೇಮಲ್ಲಿ ಇರಲೇ ಇಲ್ಲ, ಕೈ ಅವನ್ನ ಮುಚ್ಚಿತ್ತು. ಅಲ್ಲೂ ಹಿಂದಿನ ಚಿತ್ರ ಬೆರೆಸಿದ್ರೆ ರೊಟ್ಟಿ ಮೇಲೆ ಬೆರಳಿನ ದೆವ್ವ ಉಳ್ಕೊಳ್ಳುತ್ತೆ. ಅದಕ್ಕೆ ಫ್ಲೋವನ್ನ ಮುಂದಕ್ಕೂ ಹಿಂದಕ್ಕೂ ಲೆಕ್ಕ ಹಾಕ್ತಾರೆ. ಹೋದ ಪಿಕ್ಸೆಲ್ ವಾಪಸ್ ಬಂದಾಗ ಹೊರಟಲ್ಲಿಗೇ ಮುಟ್ಟದಿದ್ರೆ ಆ ಜಾಗದಲ್ಲಿ ಹಳೇದನ್ನ ನಂಬಲ್ಲ.

ಆ 120 ಫ್ರೇಮು

ಈಗ ನಮ್ಮ ಕ್ಲಿಪ್ಪಿಗೆ ಬರೋಣ. ಗೆಳೆಯರ ಪ್ರೋಗ್ರಾಮ್ ಮೂರು ಕೆಲಸ ಮಾಡ್ತಿತ್ತು: ನುಣುಪು ಮಾಡೋದು, `cv2.kmeans` ಹಾಕಿ ಎಂಟು ಬಣ್ಣ ಆರಿಸೋದು, `cv2.adaptiveThreshold` ಹಾಕಿ ಕಪ್ಪು ಗೆರೆ ತೆಗೆಯೋದು. ಗೆರೆಯ ತಪ್ಪು ನಿಮಗೆ ಈಗಾಗಲೇ ಗೊತ್ತು, ಅದು ಹೌದು-ಇಲ್ಲದ ತೀರ್ಮಾನ. ಎಂಟು ಬಣ್ಣದ ಕಥೆ ಇನ್ನೂ ಕೆಟ್ಟದು. ಪ್ರತಿ ಫ್ರೇಮಿಗೂ ಬಣ್ಣಗಳನ್ನ ಹೊಸದಾಗಿ ಆರಿಸ್ತಿತ್ತು, ಅದೂ ಎಲ್ಲಿಂದಲೋ ಶುರುಮಾಡಿ. ಒಂದು ಫ್ರೇಮಲ್ಲಿ ಅವ್ವನ ಕೆನ್ನೆಗೆ ಸ್ವಂತ ಬಣ್ಣ ಸಿಗುತ್ತೆ, ಮುಂದಿನದರಲ್ಲಿ ಅದು ಗೋಡೆ ಬಣ್ಣದ ಜೊತೆ ಸೇರಿಹೋಗುತ್ತೆ. ಮುಖ 'ಜ್ವರ ಬಂದ ಹಾಗೆ' ಕಂಡದ್ದು ಇದರಿಂದ. ರ‍್ಯಾಂಡಮ್ ಸೀಡ್ ಒಂದೇ ಇಟ್ರೂ ಸಾಲಲ್ಲ. ಹಿಟ್ಟಿನ ಕೈ ಚೌಕಟ್ಟಿನೊಳಗೆ ಬಂದು ಹೋದ ಹಾಗೆ ಬಣ್ಣದ ಪಾಲು ಬದಲಾಗಿ ಆಯ್ಕೆಯೂ ಜಾರುತ್ತೆ. ಎಂಟೇ ಬಣ್ಣ ಬೇಕು ಅಂದ್ರೆ ಕ್ಲಿಪ್ಪಿನ ಉದ್ದಕ್ಕೂ ಹತ್ತು ಫ್ರೇಮ್ ಆರಿಸಿ, ಅವನ್ನೆಲ್ಲ ಸೇರಿಸಿ ಒಂದೇ ಸಲ ಬಣ್ಣ ತೆಗೆದು, ಅದನ್ನೇ ಎಲ್ಲದಕ್ಕೂ ಬಳಸಬೇಕು. ನಾವು ಅದನ್ನ ಪೂರ್ತಿ ಬಿಟ್ಟು, 2006ರವರ ಹಾಗೆ ಬೆಳಕನ್ನ ಮಾತ್ರ `soft` ಮಾಡಿ ಬಣ್ಣವನ್ನ ನುಣುಪಾಗಿಯೇ ಉಳಿಸಿದ್ವಿ.

ಇಷ್ಟಾದ ಮೇಲೂ ಇಡೀ ಚಿತ್ರ ಸಣ್ಣಗೆ ಉಸಿರಾಡ್ತಿತ್ತು. ಪ್ರತಿ ಫ್ರೇಮಿನ ಸರಾಸರಿ ಬೆಳಕು ಬರೆದಿಟ್ಟು ನೋಡಿದಾಗ ಏರಿಳಿತ ಪ್ರತಿ ಮೂರು ಫ್ರೇಮಿಗೊಮ್ಮೆ ಮರುಕಳಿಸ್ತಿತ್ತು. ಮೂರು ಅಂದ ತಕ್ಷಣ ಕಳ್ಳ ಸಿಕ್ಕಿಬಿದ್ದ: ಅಡುಗೆಮನೆಯ ಹಳೇ ಚೋಕಿನ ಟ್ಯೂಬ್‌ಲೈಟ್. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಹಾಗಾಗಿ ಅಂಥ ಟ್ಯೂಬ್ ಸೆಕೆಂಡಿಗೆ 100 ಸಲ ಏರಿಳಿಯುತ್ತೆ. ಫೋನು ತೆಗೆದದ್ದು ಸೆಕೆಂಡಿಗೆ 30 ಫ್ರೇಮು. ನೂರನ್ನ ಮೂವತ್ತರಿಂದ ಭಾಗಿಸಿದ್ರೆ ಮೂರೂ ಮೂರನೇ ಒಂದು. ಆ ಮೂರನೇ ಒಂದು ಭಾಗ ಪ್ರತಿ ಫ್ರೇಮಿಗೂ ಜಾರಿ, ಮೂರು ಫ್ರೇಮಿಗೆ ಒಂದು ಸುತ್ತು ಮುಗಿಯುತ್ತೆ. ಹಾಗಾದ್ರೆ ಬೆಳಕನ್ನ ಮೂರು ಫ್ರೇಮಿನ ಸರಾಸರಿಗೆ ತಂದ್ರೆ ಏರಿಳಿತ ತಾನೇ ರದ್ದಾಗುತ್ತೆ. ಇದನ್ನ ಎಲ್ಲಕ್ಕಿಂತ ಮೊದಲು, ಕಾರ್ಟೂನ್ ಮಾಡೋ ಮುಂಚೆಯೇ ಮಾಡಬೇಕು:

```
ffmpeg -i rotti.mp4 -vf "deflicker=size=3,hqdn3d=2:2:8:8" f/%04d.png
```

`hqdn3d` ಅನ್ನೋದು ಸೆನ್ಸರಿನ ತರಿಯನ್ನ ಕಾಲದ ಉದ್ದಕ್ಕೂ ಸವರುತ್ತೆ, ಅಂದ್ರೆ ಆ 127-129ರ ಕಾದಾಟವನ್ನೇ ಕಮ್ಮಿ ಮಾಡುತ್ತೆ. `deflicker` ಸರಿಮಾಡೋದು ಇಡೀ ಚಿತ್ರದ ಬೆಳಕನ್ನ ಮಾತ್ರ. ನಿಮ್ಮ ಕ್ಲಿಪ್ಪಿನಲ್ಲಿ ಅಡ್ಡಪಟ್ಟೆಗಳು ಮೇಲಿಂದ ಕೆಳಗೆ ಜಾರ್ತಿದ್ರೆ ಇದು ಸಾಲಲ್ಲ. ಆಗ ಇದೇ ಮೂರು ಫ್ರೇಮಿನ ಲೆಕ್ಕವನ್ನ ಪ್ರತಿ ಪಿಕ್ಸೆಲ್ ಸಾಲಿಗೂ ಬೇರೆ ಬೇರೆ ಮಾಡಬೇಕು. ಹೊಸದಾಗಿ ತೆಗೆಯೋರು ಶಟರ್ ವೇಗವನ್ನ 1/50 ಅಥವಾ 1/100ಕ್ಕೆ ಇಟ್ಟು ಎಕ್ಸ್‌ಪೋಷರ್ ಲಾಕ್ ಮಾಡಿದ್ರೆ ಈ ತಲೆನೋವೇ ಇರಲ್ಲ, ಯಾಕಂದ್ರೆ ಆಗ ಪ್ರತಿ ಫ್ರೇಮೂ ಟ್ಯೂಬಿನ ಪೂರ್ತಿ ಸುತ್ತುಗಳ ಬೆಳಕನ್ನೇ ಹಿಡಿಯುತ್ತೆ.

ಸರಿಯಾಯ್ತೋ ಇಲ್ವೋ ಅಂತ ಕಣ್ಣಳತೆಯಲ್ಲೇ ಬಿಡಬೇಡಿ. ನೋಡಿ ನೋಡಿ ಕಣ್ಣು ಒಗ್ಗಿಹೋಗುತ್ತೆ. ಅಲುಗಾಡದ ಗೋಡೆಯ ನೂರು ಪಿಕ್ಸೆಲ್ ಅಗಲ, ನೂರು ಎತ್ತರದ ಒಂದು ಚೌಕ ಆರಿಸಿ. ಒಂದು ಫ್ರೇಮಿಗೂ ಮುಂದಿನದಕ್ಕೂ ಅದರ ಪಿಕ್ಸೆಲ್‌ಗಳು ಸರಾಸರಿ ಎಷ್ಟು ಬದಲಾಗ್ತಾವೆ ನೋಡಿ, ಮೂಲ ಕ್ಲಿಪ್ಪಿನಲ್ಲೂ ಕಾರ್ಟೂನಲ್ಲೂ. ಕಾರ್ಟೂನಿನ ಸಂಖ್ಯೆ ಮೂಲದ್ದಕ್ಕಿಂತ ದೊಡ್ಡದಿದ್ರೆ ನಡುಕ ನೀವೇ ಸೇರಿಸಿದ್ದು. ಕ್ಯಾಮೆರಾ ನಿಂತಲ್ಲೇ ಇದ್ರೆ ಮಾತ್ರ ಈ ಪರೀಕ್ಷೆ ನಡೆಯುತ್ತೆ. ಫೋನನ್ನ ಡಬ್ಬಿಗೆ ಒರಗಿಸಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ಕೊನೆಗೆ ಉಳಿದದ್ದು ಸೀರೆ ಸೆರಗಿನ ಸಣ್ಣ ಚೌಕುಳಿ. ಅಷ್ಟು ಸಣ್ಣ ವಿನ್ಯಾಸದಲ್ಲಿ ಗೆರೆ ಬಂದು ಹೋಗೋದು ಪೂರ್ತಿ ನಿಲ್ಲಲಿಲ್ಲ. ಆಗ ಹಳೇ ರೂಢಿ ನೆನಪಾಯ್ತು. ಒಂದು ಬಿಟ್ಟು ಒಂದು ಫ್ರೇಮ್ ತೆಗೆದು, ಉಳಿದ 60 ಚಿತ್ರಗಳನ್ನ ಎರಡೆರಡು ಫ್ರೇಮ್ ಹಿಡಿದ್ವಿ. ಬದಲಾವಣೆ ಸೆಕೆಂಡಿಗೆ ಹದಿನೈದಕ್ಕೆ ಇಳೀತು, ಮತ್ತೆ ಕೈಯಲ್ಲಿ ಬರೆದ ಕಾರ್ಟೂನಿನ ನಡಿಗೆಯೂ ಬಂತು.

ಒಂದು ಕಡೆ ಮಾತ್ರ ನಾವು ಕೈ ತಡೆದ್ವಿ. `hqdn3d` ಅಂಕಿ ಏರಿಸಿದ್ರೆ ಸೆರಗೂ ಶಾಂತ ಆಗ್ತಿತ್ತು, ಆದ್ರೆ ರೊಟ್ಟಿ ಬಡಿದಾಗ ಏಳೋ ಹಿಟ್ಟಿನ ಧೂಳು ಅಳಿಸಿಹೋಗ್ತಿತ್ತು. ಪ್ರೋಗ್ರಾಮಿಗೆ ಧೂಳೂ ತರಿಯೂ ಒಂದೇ. ಗೆಳೆಯರನ್ನ ಕೇಳಿದೆ. "ಹಿಟ್ಟು ಇರ್ಲಿ ಬಿಡ್ರಿ, ಸೆರಗ ಬೇಕಾರ ಸ್ವಲ್ಪ ನಡಗ್ಲಿ," ಅಂದ್ರು. ಹಾಗೇ ಬಿಟ್ವಿ.